ಒಂದೇ ಕಥೆ, ಮೂರು ಥರದ ವ್ಯಂಗ್ಯ: ಬೇರೆ ಮಾಡೋದು ಹೇಗೆ?

"ಅಣ್ಣ, ಮುಂದಿನ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಪೋ ಬರೆದ 'ದಿ ಕ್ಯಾಸ್ಕ್ ಆಫ್ ಅಮೊಂಟಿಲಾಡೊ' ಕಥೆ ಬಗ್ಗೆ ನಾನೇ ಮಾತಾಡಬೇಕು. ಮಾತಿನ ವ್ಯಂಗ್ಯ, ಸನ್ನಿವೇಶದ ವ್ಯಂಗ್ಯ, ರಚನೆಯ ವ್ಯಂಗ್ಯ ಮೂರೂ ಇದರಲ್ಲೇ ಇದೆ ಅಂತಾರೆ. ನನಗೆ ಎಲ್ಲಾ ಒಂದೇ ಥರ ಕಾಣ್ತಿದೆ. ಹೇಗೆ ಬೇರೆ ಮಾಡೋದು? ಒಂದೊಂದೂ ಯಾಕಿದೆ ಅಂತ ಹೇಗೆ ವಾದ ಮಾಡೋದು?"

ಕಥೆಯನ್ನು ಇನ್ನೊಂದು ಸಲ ಓದಿ. ಈ ಸಲ ಕೈಯಲ್ಲಿ ಪೆನ್ಸಿಲ್ ಇರಲಿ. ವ್ಯಂಗ್ಯ ಅನಿಸಿದ ಕಡೆಯೆಲ್ಲ ಗೆರೆ ಎಳೆಯಿರಿ, ಆದರೆ ಪಕ್ಕದಲ್ಲಿ ಈಗಲೇ ಹೆಸರು ಹಚ್ಚಬೇಡಿ. "ಇದು ಯಾರಿಗೆ ಗೊತ್ತು?" ಅಂತ ಮಾತ್ರ ಬರೆದುಕೊಳ್ಳಿ. ಆಡಿದವನಿಗೆ ಗೊತ್ತಾ, ಆ ಜಾಗದಲ್ಲಿದ್ದ ಯಾರಿಗೂ ಗೊತ್ತಿಲ್ವಾ, ಇಲ್ಲಾ ಇಡೀ ಕಥೆ ಹೇಳುತ್ತಿರುವವನಿಗೇ ಗೊತ್ತಿಲ್ವಾ? ಮುಕ್ಕಾಲು ಪಾಲು ಇಲ್ಲೇ ಬೇರೆಯಾಗುತ್ತದೆ.

ಓದಿಲ್ಲದವರಿಗಾಗಿ ಕಥೆ ಇಷ್ಟು. ಎಡ್ಗರ್ ಅಲನ್ ಪೋ 1846ರಲ್ಲಿ ಪ್ರಕಟಿಸಿದ 'ದಿ ಕ್ಯಾಸ್ಕ್ ಆಫ್ ಅಮೊಂಟಿಲಾಡೊ'. ಮಾಂಟ್ರೆಸರ್ ಅನ್ನುವವನು ತನ್ನ ಸೇಡಿನ ಕಥೆಯನ್ನು ತಾನೇ ಹೇಳುತ್ತಾನೆ. ಕಾರ್ನಿವಲ್ ಹಬ್ಬದ ಸಂಜೆ ಫಾರ್ಚುನಾಟೊ ಸಿಗುತ್ತಾನೆ. ಕುಡಿದಿದ್ದಾನೆ, ವಿದೂಷಕನ ವೇಷ, ತಲೆ ಮೇಲೆ ಗೆಜ್ಜೆ ಕಟ್ಟಿದ ಚೂಪು ಟೋಪಿ. ಅಮೊಂಟಿಲಾಡೊ ಅನ್ನುವ ಅಪರೂಪದ ವೈನ್ ಸಿಕ್ಕಿದೆ, ಅಸಲಿಯೋ ನಕಲಿಯೋ ನೋಡಬೇಕು ಅಂತ ಮಾಂಟ್ರೆಸರ್ ಅವನನ್ನು ತನ್ನ ಮನೆಯ ನೆಲಮಾಳಿಗೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ವೈನೂ ಇದೆ, ಮನೆತನದ ಸತ್ತವರ ಮೂಳೆಗಳೂ ಇವೆ. ಕೊನೆಗೆ ಒಂದು ಗೂಡಿನಲ್ಲಿ ಅವನನ್ನು ಸರಪಳಿಯಿಂದ ಬಿಗಿದು, ಜೀವ ಇರುವಾಗಲೇ ಗೋಡೆ ಕಟ್ಟಿ ಮುಚ್ಚಿಬಿಡುತ್ತಾನೆ.

ಮಾತಿನ ವ್ಯಂಗ್ಯದಿಂದ ಶುರು ಮಾಡೋಣ, ಯಾಕೆಂದರೆ ಈ ಪ್ರಶ್ನೆಗೆ ಬಸವನಗುಡಿಯ ಅಕ್ಕ ಒಬ್ಬರು "ಅದು ಕೊಂಕು ಮಾತು, ಅಷ್ಟೇ" ಅಂತ ಬರೆದಿದ್ದಾರೆ. ಅಕ್ಕ, ಅರ್ಧ ಸರಿ. ಹೇಳುವುದು ಒಂದು, ಮನಸ್ಸಿನಲ್ಲಿರುವುದು ಇನ್ನೊಂದು, ಅಲ್ಲಿವರೆಗೆ ಎರಡೂ ಒಂದೇ. ಆದರೆ ಕೊಂಕು ಎದುರಿಗಿದ್ದವನಿಗೆ ಚುಚ್ಚಬೇಕು. ಸೊಸೆ ತಡವಾಗಿ ಎದ್ದ ದಿನ "ಬೇಗ ಎದ್ದುಬಿಟ್ಟೆಯಲ್ಲಮ್ಮಾ" ಅನ್ನುವ ಅತ್ತೆಯ ಮಾತು ಸೊಸೆಗೆ ತಾಕದೇ ಹೋದರೆ ಅದು ಕೊಂಕಾಗಿ ಕೆಲಸವನ್ನೇ ಮಾಡಲಿಲ್ಲ. ಮಾಂಟ್ರೆಸರ್ ಆಡುವ ಮಾತು ಫಾರ್ಚುನಾಟೊಗೆ ತಾಕುವುದೇ ಇಲ್ಲ, ತಾಕಬಾರದು, ತಾಕಿದರೆ ಅವನು ವಾಪಸ್ ಹೋಗಿಬಿಡುತ್ತಾನೆ.

ಕೆಮ್ಮಿನ ಜಾಗ ನೋಡಿ. ಕೆಳಗೆ ತೇವ ಜಾಸ್ತಿ, ಗೋಡೆ ಮೇಲೆಲ್ಲ ಉಪ್ಪು ಬೆಳೆದಿದೆ, ಫಾರ್ಚುನಾಟೊಗೆ ಕೆಮ್ಮು ನಿಲ್ಲುತ್ತಿಲ್ಲ. ಮಾಂಟ್ರೆಸರ್ ವಾಪಸ್ ಹೋಗೋಣ ಅಂದರೆ ಅವನು, ಬಿಡಯ್ಯಾ, ನಾನೇನು ಕೆಮ್ಮಿನಿಂದ ಸಾಯಲ್ಲ ಅನ್ನುತ್ತಾನೆ. ಮಾಂಟ್ರೆಸರ್, ನಿಜ, ನಿಜ ಅನ್ನುತ್ತಾನೆ. ಇಲ್ಲಿ ಎರಡು ಮಾತಿವೆ, ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಸಾಯಲ್ಲ ಅಂದವನಿಗೆ ತನ್ನ ಮಾತಿನ ಇನ್ನೊಂದು ಅರ್ಥ ಗೊತ್ತಿಲ್ಲ, ಗೊತ್ತಿರುವುದು ನಮಗೆ. ಅದನ್ನು ನಾಟಕೀಯ ವ್ಯಂಗ್ಯ ಅಂತಾರೆ, ನಿಮ್ಮ ಮೂರರಲ್ಲಿ ಅದು ಇಲ್ಲ, ಆದರೂ ಭಾನುವಾರ ಯಾರಾದರೂ ಕೇಳಿಯೇ ಕೇಳುತ್ತಾರೆ. "ನಿಜ, ನಿಜ" ಅಂದವನಿಗೆ ಎಲ್ಲಾ ಗೊತ್ತು. ಅದು ಮಾತಿನ ವ್ಯಂಗ್ಯ. ಆಮೇಲೆ ಇಬ್ಬರೂ ಕುಡಿಯುವಾಗಲೂ ಹಾಗೇ. ಫಾರ್ಚುನಾಟೊ ಇಲ್ಲಿ ಮಲಗಿರುವ ಸತ್ತವರ ಹೆಸರಿನಲ್ಲಿ ಅಂತಾನೆ, ಮಾಂಟ್ರೆಸರ್ ನಿನ್ನ ದೀರ್ಘಾಯುಷ್ಯಕ್ಕೆ ಅಂತಾನೆ.

ಇದು ಯಾಕಿದೆ? "ಕಥೆಗೆ ಸ್ವಾರಸ್ಯ ಬರುತ್ತದೆ" ಅಂತ ಹೇಳಬೇಡಿ, ಅದು ಯಾವ ಕಥೆಗೆ ಬೇಕಾದರೂ ಹೊಂದುವ ಮಾತು. ಆ ಸಾಲನ್ನು ಬೆರಳಿನಿಂದ ಮುಚ್ಚಿ, ಏನು ಕಮ್ಮಿ ಆಯಿತು ಅಂತ ನೋಡಿ. "ನಿಜ, ನಿಜ" ತೆಗೆದರೆ ಘಟನೆ ಒಂದಿಷ್ಟೂ ಬದಲಾಗುವುದಿಲ್ಲ. ಕಮ್ಮಿಯಾಗುವುದು ನಮ್ಮ ಪಾಲು. ಆ ಮಾತು ಅರ್ಥವಾಗುವುದು ಮಾಂಟ್ರೆಸರ್‌ಗೆ ಮತ್ತು ನಮಗೆ, ಇಬ್ಬರಿಗೇ. ಅಂದರೆ ಅವನ ಗುಟ್ಟಿನಲ್ಲಿ ನಾವೂ ಸೇರಿಕೊಂಡೆವು, ಇನ್ನೂ ಬದುಕಿರುವ ಒಬ್ಬ ಮನುಷ್ಯನ ಬೆನ್ನ ಹಿಂದೆ ಕೊಲೆಗಾರನ ಜೊತೆ ನಕ್ಕೆವು. ಆ ಕಸಿವಿಸಿ ಹುಟ್ಟಿಸುವುದಕ್ಕೇ ಆ ಸಾಲು ಇರುವುದು ಅನ್ನುವುದು ನನ್ನ ವಾದ.

ಒಂದು ಕಷ್ಟದ ಜಾಗ ಇದೆ. ವಾಪಸ್ ಹೋಗೋಣ, ನಿನ್ನ ಆರೋಗ್ಯ ದೊಡ್ಡದು ಅಂತ ಮಾಂಟ್ರೆಸರ್ ಮತ್ತೆ ಮತ್ತೆ ಹೇಳುತ್ತಾನಲ್ಲ, ಅದು ವ್ಯಂಗ್ಯವೋ ಸುಳ್ಳೋ? ಫಾರ್ಚುನಾಟೊ ನಂಬಲಿ ಅಂತಲೇ ಆಡಿದ ಮಾತು, ಹಾಗಾಗಿ ನಾನು ಅದನ್ನು ಸುಳ್ಳು ಅಂತಲೇ ಇಡುತ್ತೇನೆ. ನಮ್ಮ ರಾಜಾಜಿನಗರದ ಮೇಷ್ಟ್ರು ಒಪ್ಪುವುದಿಲ್ಲ. ಫಾರ್ಚುನಾಟೊಗೆ ಅದು ಸುಳ್ಳು, ಆದರೆ ಕಥೆ ಕೇಳುತ್ತಿರುವವರಿಗೆ ಅದೇ ಮಾತನ್ನು ಮತ್ತೆ ಹೇಳುವಾಗ ವ್ಯಂಗ್ಯವಾಗುತ್ತದೆ ಅಂತಾರೆ. ಅವರ ಮಾತಿನಲ್ಲೂ ಹುರುಳಿದೆ. ನೀವು ಯಾವ ಕಡೆ ನಿಂತರೂ ಕಾರಣ ಕೊಡಿ, ಸಾಕು.

ಈಗ ಸನ್ನಿವೇಶ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆ, ವಿಪರ್ಯಾಸ. ವೈಟ್‌ಫೀಲ್ಡ್‌ನ ಗೆಳೆಯರು ಬೆಳಿಗ್ಗೆ ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟೆ, ಸಂಜೆ ಜೋರು ಮಳೆ ಬಂತು, ಇದೂ ಅದೇ ತಾನೇ ಅಂತ ಕೇಳಿದ್ದಾರೆ. ಬೇಜಾರಾಗುವ ವಿಷಯ ಹೌದು, ಆದರೆ ಅದು ಕಾಕತಾಳೀಯ. ನೀವು ದುಡ್ಡು ಕೊಟ್ಟಿದ್ದಕ್ಕೂ ಮಳೆ ಬಂದಿದ್ದಕ್ಕೂ ನಂಟಿಲ್ಲ. ಮಳೆ ನೀರು ಮನೆಗೆ ನುಗ್ಗಬಾರದು ಅಂತ ಗೇಟಿನ ಹತ್ತಿರ ಕಟ್ಟೆ ಕಟ್ಟಿಸಿ, ಒಳಗೆ ಬಿದ್ದ ನೀರು ಆ ಕಟ್ಟೆಯಿಂದಲೇ ಹೊರಗೆ ಹೋಗದೆ ನಡುಮನೆಗೆ ಬಂದಿದ್ದರೆ, ಆಗ ವಿಪರ್ಯಾಸ. ಮಾಡಿದ ಕೆಲಸವೇ ತಿರುಗಿ ಬೀಳಬೇಕು.

ಹಾಗೆ ನೋಡಿದರೆ ಕಥೆಯಲ್ಲಿ ಗಟ್ಟಿಯಾದದ್ದು ಒಂದೇ. ಫಾರ್ಚುನಾಟೊಗೆ ತಾನು ವೈನ್ ಬಲ್ಲವನು ಅನ್ನುವ ಜಂಬ. ಮಾಂಟ್ರೆಸರ್ ಲುಕೇಸಿ ಅನ್ನುವ ಇನ್ನೊಬ್ಬನ ಹೆಸರು ಎತ್ತಿದಾಗಲೆಲ್ಲ ಅವನಿಗೇನು ಗೊತ್ತು ಅಂತ ಇವನೇ ಮುಂದೆ ಮುಂದೆ ನಡೆಯುತ್ತಾನೆ. ಅವನ ಜಾಣತನವೇ ಅವನನ್ನು ಗೋಡೆವರೆಗೆ ತಂದು ನಿಲ್ಲಿಸುತ್ತದೆ, ಆ ವೈನಿನ ಒಂದು ಹನಿಯೂ ನಾಲಿಗೆಗೆ ತಾಕುವುದಿಲ್ಲ. ಇದನ್ನು ತೆಗೆದು, ಮಾಂಟ್ರೆಸರ್ ಅವನನ್ನು ಬೀದಿಯಲ್ಲೇ ಹಿಡಿದು ಎಳೆದುಕೊಂಡು ಹೋದ ಅಂತ ಬರೆದು ನೋಡಿ. ಕೊಲೆ ಅದೇ, ಆದರೆ ಅವನ ಗುಣಕ್ಕೂ ಅವನ ಸಾವಿಗೂ ಇದ್ದ ನಂಟು ಕಡಿದುಹೋಗುತ್ತದೆ. ಆ ನಂಟನ್ನು ಕಟ್ಟುವುದೇ ಇದರ ಕೆಲಸ. ಇನ್ನೊಂದು ಸಣ್ಣ ವಿಷಯ: ಲುಕೇಸಿಗೆ ಅಮೊಂಟಿಲಾಡೊಗೂ ಶೆರಿಗೂ ವ್ಯತ್ಯಾಸ ಗೊತ್ತಿಲ್ಲ ಅಂತ ಫಾರ್ಚುನಾಟೊ ಅಣಕಿಸುತ್ತಾನೆ. ಅಮೊಂಟಿಲಾಡೊ ಶೆರಿ ವೈನಿನಲ್ಲೇ ಒಂದು ಬಗೆ! ಪೋ ಬೇಕಂತಲೇ ಇಟ್ಟನೋ, ಕುಡಿದವನ ಬಾಯಲ್ಲಿ ಹಾಗೇ ಬಂತೋ, ಇದರ ಮೇಲೆ ಜಾಸ್ತಿ ಭಾರ ಹಾಕಬೇಡಿ.

ಗಾರೆ ಕರಣೆಯ ಜಾಗ ಮಾತ್ರ ಕನ್ನಡದಲ್ಲಿ ಹೇಳುವಾಗ ಹುಷಾರು. ಫಾರ್ಚುನಾಟೊ ಫ್ರೀಮೇಸನ್ ಅನ್ನುವ ಗುಟ್ಟಿನ ಸಂಘದ ಸನ್ನೆ ಮಾಡಿ, ನೀನೂ ಮೇಸನ್ನಾ, ಎಲ್ಲಿ ಗುರುತು ತೋರಿಸು ಅಂತಾನೆ. ಮಾಂಟ್ರೆಸರ್ ನಿಲುವಂಗಿಯ ಮಡಿಕೆಯಿಂದ ಕರಣೆ ತೆಗೆದು ತೋರಿಸುತ್ತಾನೆ. ಇಂಗ್ಲಿಷಿನಲ್ಲಿ ಸಂಘದವನಿಗೂ ಗಾರೆ ಕೆಲಸದವನಿಗೂ ಒಂದೇ ಪದ. ನಾನು ಮೊದಲ ಸಲ ಹೇಳಿದಾಗ ಒಂದು ಕಡೆ "ಸಂಘದ ಸದಸ್ಯ", ಇನ್ನೊಂದು ಕಡೆ "ಮೇಸ್ತ್ರಿ" ಅಂದೆ, ಯಾರಿಗೂ ಏನೂ ಅನಿಸಲೇ ಇಲ್ಲ. ಎರಡೂ ಕಡೆ ಮೇಸನ್ ಅಂತಲೇ ಬಿಡಿ. ಆಗ ಅವನು ಗೋಡೆ ಕಟ್ಟುವ ಸಾಮಾನನ್ನೇ ತೋರಿಸಿ ನಿಜ ಹೇಳುತ್ತಿದ್ದಾನೆ, ಫಾರ್ಚುನಾಟೊ ಅದನ್ನು ತಮಾಷೆ ಅಂದುಕೊಳ್ಳುತ್ತಿದ್ದಾನೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಮೂರನೆಯದು ರಚನೆಯದು. ಎಲ್ಲರೂ ಎಡವುವುದು ಇಲ್ಲೇ, ಯಾಕೆಂದರೆ ಗೆರೆ ಎಳೆಯಲು ಒಂದು ಸಾಲು ಸಿಗುವುದಿಲ್ಲ. ಅದು ಇರುವುದು ಕಥೆ ಹೇಳುವವನಲ್ಲಿ. ಹೀಗೆ ಪರೀಕ್ಷೆ ಮಾಡಿ: ಕೊನೆಯ ಪುಟವನ್ನು "ಮಾಂಟ್ರೆಸರ್ ಗೋಡೆ ಕಟ್ಟಿದನು" ಅಂತ ಮೂರನೆಯವರ ಬಾಯಿಂದ ಹೇಳಿಸಿ. "ನಿಜ, ನಿಜ" ಉಳಿಯುತ್ತದೆ, ವೈನಿನ ಜಂಬ ಉಳಿಯುತ್ತದೆ. ಹೋಗುವುದು ಏನು ಅಂತ ನೋಡಿ.

ಶುರುವಿನಲ್ಲೇ ಅವನು ಎರಡು ನಿಯಮ ಇಡುತ್ತಾನೆ. ಸೇಡು ತೀರಿಸಿಕೊಂಡವನಿಗೆ ಶಿಕ್ಷೆ ಆಗಬಾರದು. ಯಾರು ಯಾಕೆ ಮಾಡಿದರು ಅಂತ ಸಾಯುವವನಿಗೆ ಗೊತ್ತಾಗಬೇಕು. ಈಗ ಕೊನೆಗೆ ಬನ್ನಿ. ಗೋಡೆಯ ಹನ್ನೊಂದನೆಯ ಸಾಲು ಮುಗಿಯುತ್ತಿದೆ, ಒಂದು ಕಲ್ಲು ಬಾಕಿ. ಒಳಗಿಂದ ಫಾರ್ಚುನಾಟೊ ನಗಲು ನೋಡುತ್ತಾನೆ, ಒಳ್ಳೆ ತಮಾಷೆ ಅಂತಾನೆ, ಆಮೇಲೆ ದೇವರಾಣೆಗೂ ಬಿಡು ಅಂತಾನೆ. ಯಾಕೆ ಅನ್ನುವುದನ್ನು ಮಾಂಟ್ರೆಸರ್ ಅವನಿಗೆ ಹೇಳುವುದೇ ಇಲ್ಲ. ಆಮೇಲೆ ಹೆಸರು ಹಿಡಿದು ಕೂಗುತ್ತಾನೆ. ಉತ್ತರ ಇಲ್ಲ. ಮತ್ತೆ ಕೂಗುತ್ತಾನೆ. ಕಿಂಡಿಯೊಳಗೆ ಪಂಜು ಹಾಕುತ್ತಾನೆ. ಬರೀ ಗೆಜ್ಜೆ ಸದ್ದು. ಆಗ ಎದೆ ಹಿಂಡಿದ ಹಾಗಾಯಿತು ಅಂದು, ತಕ್ಷಣವೇ ಅದು ನೆಲಮಾಳಿಗೆಯ ತೇವಕ್ಕೆ ಅಂತ ಸೇರಿಸುತ್ತಾನೆ. ಆ ತೇವದ ಸಬೂಬು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಆಮೇಲೆ ಐವತ್ತು ವರ್ಷವಾಯಿತು, ಯಾರೂ ಆ ಮೂಳೆಗಳನ್ನು ಮುಟ್ಟಿಲ್ಲ ಅಂತಾನೆ.

ಎರಡನೆಯ ನಿಯಮ ಪೂರ್ತಿಯಾಗಲೇ ಇಲ್ಲ. ಮೊದಲನೆಯದೂ ಅನುಮಾನ, ಐವತ್ತು ವರ್ಷದ ಮೇಲೂ ಗೆಜ್ಜೆ ಸದ್ದು, ಕಲ್ಲಿನ ಲೆಕ್ಕ ಯಾವುದನ್ನೂ ಮರೆಯದವನಿಗೆ ಶಿಕ್ಷೆ ಆಗಿಲ್ಲ ಅಂತ ಹೇಳುವುದು ಹೇಗೆ? ಅವನು ಗೆದ್ದೆ ಅಂತ ಹೇಳುತ್ತಿದ್ದಾನೆ, ಅವನದೇ ಅಳತೆಗೋಲಿನಲ್ಲಿ ಅವನು ಸೋತಿರುವುದು ನಮಗೆ ಕಾಣುತ್ತಿದೆ, ಅವನಿಗೆ ಕಾಣುತ್ತಿಲ್ಲ. ಉಳಿದ ವ್ಯಂಗ್ಯದಲ್ಲೆಲ್ಲ ನಾವು ಮಾಂಟ್ರೆಸರ್ ಜೊತೆ ನಿಂತು ಫಾರ್ಚುನಾಟೊನನ್ನು ನೋಡುತ್ತಿದ್ದೆವು. ಇಲ್ಲಿ ಪೋ ನಮ್ಮನ್ನು ತನ್ನ ಪಕ್ಕಕ್ಕೆ ಕರೆದು ಮಾಂಟ್ರೆಸರ್‌ನನ್ನೇ ತೋರಿಸುತ್ತಾನೆ. ಕಥೆಗಾರ ಬಾಯಿಬಿಟ್ಟು ತೀರ್ಪು ಹೇಳದೆ ತೀರ್ಪನ್ನು ನಮ್ಮಿಂದಲೇ ಕೊಡಿಸುವುದು ಇದರ ಉದ್ದೇಶ. "ನಿಜ, ನಿಜ"ಕ್ಕೆ ನಕ್ಕಿದ್ದು ಈಗ ನಮಗೇ ಚುಚ್ಚುತ್ತದೆ. ಭಾನುವಾರ ಮೂರನ್ನೂ ಇದೇ ಅನುಕ್ರಮದಲ್ಲಿ ಹೇಳಿ, ಒಂದರ ಮೇಲೊಂದು ನಿಲ್ಲುತ್ತದೆ.

ಮೇಷ್ಟ್ರು ಎತ್ತಿದ ಒಂದು ಪ್ರಶ್ನೆ ನನಗೂ ಬಗೆಹರಿದಿಲ್ಲ. ನನ್ನ ಸ್ವಭಾವ ನಿಮಗೆ ಚೆನ್ನಾಗಿ ಗೊತ್ತು ಅಂತ ಮಾಂಟ್ರೆಸರ್ ಶುರುವಿನಲ್ಲಿ ಯಾರಿಗೆ ಹೇಳುತ್ತಿದ್ದಾನೆ? ಸಾಯುವ ಮುಂಚೆ ಪಾದ್ರಿಯ ಮುಂದೆ ಮಾಡುವ ತಪ್ಪೊಪ್ಪಿಗೆ ಅಂತ ಮೇಷ್ಟ್ರು ಓದುತ್ತಾರೆ. ಹಾಗಾದರೆ ಅವನಿಗೆ ತನ್ನ ಸೋಲು ಅರ್ಧ ಗೊತ್ತಿದೆ ಅಂತಾಯಿತು, ನಾನು ಮೇಲೆ ಹೇಳಿದ್ದು ಸ್ವಲ್ಪ ಸಡಿಲವಾಗುತ್ತದೆ. ಆದರೆ ಇಡೀ ಕಥೆಯಲ್ಲಿ ಒಂದು ಕಡೆಯೂ ಅವನು ಕ್ಷಮೆ ಕೇಳುವುದಿಲ್ಲ. ಕೊನೆಯ ಸಾಲು, ಶಾಂತಿಯಿಂದ ಮಲಗಲಿ ಅನ್ನುವ ಆ ಲ್ಯಾಟಿನ್ ಮಾತು, ಸತ್ತವನಿಗೋ ಹೇಳುತ್ತಿರುವವನಿಗೋ ಅಂತ ಪಾರ್ಕಿನಲ್ಲಿ ಎಲ್ಲರನ್ನೂ ಕೇಳಿ. ನಾನೂ ಬರುತ್ತೇನೆ, ಮೇಷ್ಟ್ರೇ, ನೀವೂ ತಪ್ಪದೆ ಬನ್ನಿ.