ಬಾವಿ ಯಾಕೆ ಮಾತಾಡುತ್ತದೆ ಅಂತ ಹೇಳಲೇಬೇಕಾ?

ಪ್ರಶ್ನೆ: ನಾನೊಂದು ಫ್ಯಾಂಟಸಿ ಕತೆ ಬರೀತಿದ್ದೀನಿ. ಎಲ್ಲ ವಿವರಿಸಿದ್ರೆ ಬೆರಗು ಹೋಗುತ್ತೆ, ಬಿಟ್ರೆ ಓದುವವರಿಗೆ ತಲೆಬುಡ ತಿಳಿಯಲ್ಲ. ಯಾವುದನ್ನ ಹೇಳದೆ ಬಿಡಬಹುದು?

ಏನಾಗುತ್ತದೆ ಅನ್ನುವುದನ್ನು ಹೇಳಿಬಿಡಿ. ಯಾಕಾಗುತ್ತದೆ ಅನ್ನುವುದನ್ನು ಬಿಡಬಹುದು. ಇದು ನನಗೆ ಗೊತ್ತಾಗಿದ್ದು ಒಂದು ಕತೆ ಕೆಡಿಸಿಕೊಂಡ ಮೇಲೆ.

ಆ ಕತೆಯಲ್ಲಿ ಒಂದು ಊರಬಾವಿ ಇತ್ತು. ಅದರ ಹತ್ತಿರ ಆಡಿದ ಮಾತು ಮರುದಿನ ಅದೇ ಹೊತ್ತಿಗೆ ಬಾವಿಯೊಳಗಿಂದ ಕೇಳಿಸುತ್ತದೆ. ನಿಗೂಢವಾಗಿರಲಿ ಅಂತ, 'ಯಾರೂ ಇಲ್ಲದ ಬಾವಿಕಟ್ಟೆಯಲ್ಲಿ ಹೆಣ್ಣುದನಿ ಕೇಳಿಸಿತು' ಎಂದಷ್ಟೇ ಬರೆದಿದ್ದೆ. ಓದಿದ ಒಬ್ಬ ಗೆಳೆಯ ದೆವ್ವ ಅಂದುಕೊಂಡ. ಇನ್ನೊಬ್ಬಳು "ಇಲ್ಲೊಂದು ಪ್ಯಾರಾ ಬಿಟ್ಟುಹೋಗಿದೆಯಾ?" ಎಂದು ಕೇಳಿದಳು. ಅದು ಬೆರಗಲ್ಲ, ಗೊಂದಲ.

ಆಮೇಲೆ ಒಂದು ಸಣ್ಣ ದೃಶ್ಯ ಸೇರಿಸಿದೆ. ಸೊಸೆ ನೀರು ಸೇದುತ್ತಾ ಅತ್ತೆಯನ್ನು ಬೈಯುತ್ತಿದ್ದಾಳೆ. ಪಕ್ಕದ ಮುದುಕಿ ಅವಳ ಬಾಯಿ ಮುಚ್ಚಿಸಿ, "ಸುಮ್ನಿರೇ, ನಾಳೆ ಈ ಹೊತ್ತಿಗೆ ನಿಮ್ಮತ್ತೆ ನೀರಿಗೆ ಬರ್ತಾಳೆ" ಅನ್ನುತ್ತಾಳೆ. ಮರುದಿನ ಅತ್ತೆ ಕೊಡ ಇಳಿಸುವಾಗ ಬಾವಿ ಬೈಯುತ್ತದೆ. ಇಷ್ಟೇ. ಈಗ ಅದೇ ಗೆಳತಿ "ಬಾವಿ ಯಾಕೆ ಹಾಗೆ?" ಎಂದು ಕೇಳಿದಳು, ಆದರೆ ಉತ್ತರಕ್ಕೆ ಕಾಯದೆ ಮುಂದೆ ಓದಿದಳು.

ಸ್ಟ್ರುಗಾಟ್‌ಸ್ಕಿ ಸಹೋದರರ ರಷ್ಯನ್ ಕಾದಂಬರಿ 'ರೋಡ್‌ಸೈಡ್ ಪಿಕ್ನಿಕ್' (1972) ಇದೇ ದಾರಿ ಹಿಡಿಯುತ್ತದೆ. ಅನ್ಯಗ್ರಹದವರು ಬಂದುಹೋದ ಜಾಗಕ್ಕೆ ನುಗ್ಗುವವರು ಹೆಜ್ಜೆ ಇಡುವ ಮೊದಲು ಕಬ್ಬಿಣದ ನಟ್ಟು ಎಸೆದು ನೋಡುತ್ತಾರೆ. ನಟ್ಟು ಮುಂದೆ ಹಾರದೆ ಧಪ್ಪನೆ ನೆಲಕ್ಕೆ ಬಿದ್ದರೆ ಅಲ್ಲಿ ನೆಲದ ಸೆಳೆತ ಜಾಸ್ತಿ, ಸುತ್ತಿ ಹೋಗಬೇಕು. ಆ ಅನ್ಯರು ಯಾಕೆ ಬಂದಿದ್ದರು? ಊಹೆಗಳಿವೆ, ಉತ್ತರ ಇಲ್ಲ. ಆದರೆ ಕಾಲು ಎಲ್ಲಿಡಬಾರದು ಅನ್ನುವುದು ನಮಗೂ ಗೊತ್ತಾಗಿರುತ್ತದೆ.

ನಿಮ್ಮ ಕತೆಯನ್ನು ಪರೀಕ್ಷೆ ಮಾಡೋದು ಸುಲಭ. ಅರ್ಧ ಓದಿದವರನ್ನು ನಿಲ್ಲಿಸಿ ಕೇಳಿ: "ಕಳ್ಳ ಬಾವಿಕಟ್ಟೆಯ ಮೇಲೆ ಕೂತು, ದುಡ್ಡು ಹೂತಿಟ್ಟ ಜಾಗ ಹೇಳಿದ. ಮುಂದೇನು?" "ನಾಳೆ ಸಿಕ್ಕಿಬೀಳ್ತಾನೆ" ಅಂದರೆ ಸಾಕು. "ಗೊತ್ತಿಲ್ಲ" ಅಂದರೆ ಅಲ್ಲೊಂದು ದೃಶ್ಯ ಬೇಕು. ವಿವರಣೆ ಅಲ್ಲ, ದೃಶ್ಯ.

ಇನ್ನೊಂದು ಎಡವಟ್ಟು ಹೇಳ್ತೀನಿ. ಬಾವಿ ಮಾತಾಡೋದು ಮರುದಿನ ಅನ್ನುವ ಬದಲು ಒಂದು ಕಡೆ ಕೈತಪ್ಪಿ 'ಎರಡು ದಿನ' ಎಂದು ಬರೆದಿದ್ದೆ. ಓದಿದವರೆಲ್ಲ ಅದನ್ನೇ ಸುಳಿವು ಅಂದುಕೊಂಡು ಕೊನೆಯವರೆಗೂ ಕಾದರು, ಪಾಪ! ಕಾರಣ ಹೇಳದಿದ್ದಾಗ ಜನ ನಿಯಮವನ್ನೇ ಕಣ್ಣಿಟ್ಟು ನೋಡುತ್ತಾರೆ.

ಕತೆಯ ಕೊನೆ ಆ 'ಯಾಕೆ'ಯ ಮೇಲೇ ನಿಂತಿದ್ದರೆ ಮಾತ್ರ ಬಿಡಲು ಆಗೋದಿಲ್ಲ. ನಾನು ಮೊದಲು ಬರೆದ ಕೊನೆಯಲ್ಲಿ ಸೊಸೆ ಬಾವಿ ಇನ್ನು ಮಾತಾಡದ ಹಾಗೆ ಮಾಡುತ್ತಿದ್ದಳು. ಅದಕ್ಕೆ ಬಾವಿ ಯಾಕೆ ಮಾತಾಡುತ್ತದೆ ಅಂತ ಹೇಳಲೇಬೇಕಿತ್ತು. ಹಾಗಾಗಿ ಕೊನೆಯನ್ನೇ ಬದಲಾಯಿಸಿದೆ. ಈಗ ಅವಳು ಊರು ಬಿಡುವ ಸಂಜೆ ಬಾವಿಗೆ ಬಗ್ಗಿ, ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿ ಬಸ್ಸು ಹತ್ತುತ್ತಾಳೆ.