ಮಿತಿಯೊಳಗಿದ್ದ ಸ್ಟೆಪ್ ಸೈಜ್ ಕೈಕೊಟ್ಟದ್ದೇಕೆ?

ಓದುಗರ ಪತ್ರ: ಇಸಿಜಿಯಲ್ಲಿ ಸೇರಿದ 50 ಹರ್ಟ್ಸ್ ಗದ್ದಲ ತೆಗೆಯಲು 32 ಟ್ಯಾಪ್‌ಗಳ ಎಲ್‌ಎಂಎಸ್ ಫಿಲ್ಟರ್ ಬರೆದೆ. ಸೆಕೆಂಡಿಗೆ 1600 ಸ್ಯಾಂಪಲ್, ರೆಫರೆನ್ಸ್ ಸೈನ್ ಅಲೆಯ ಆಂಪ್ಲಿಟ್ಯೂಡ್ 2. ಪಠ್ಯದ 2/λmax ಸೂತ್ರದಿಂದ 0.0625 ಬಂತು; ಸ್ಟೆಪ್ ಸೈಜ್ μ = 0.05 ಇಟ್ಟೆ. ಆದರೂ `nan` ಬರುತ್ತದೆ. ಯಾಕೆ ಸರ್? — ಇಂಜಿನಿಯರಿಂಗ್ ವಿದ್ಯಾರ್ಥಿ, ಬಾಗಲಕೋಟೆ

ಸಂಪಾದಕರ ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆ ಸೂತ್ರ ನಿಮ್ಮ ಸಿಗ್ನಲ್‌ಗೆ ಹೊಂದುವುದಿಲ್ಲ, ಅಷ್ಟೇ.

d ಎಂದರೆ ಗದ್ದಲ ಸೇರಿದ ಇಸಿಜಿ, x ಎಂದರೆ ರೆಫರೆನ್ಸಿನ ಇತ್ತೀಚಿನ 32 ಸ್ಯಾಂಪಲ್, w ಎಂದರೆ ಫಿಲ್ಟರಿನ 32 ತೂಕಗಳು. ದೋಷ e = d − wᵀx. ನಾವು ಕಡಿಮೆ ಮಾಡಬೇಕಾದದ್ದು e²/2 ಇದರ ಸರಾಸರಿ; w ಕುರಿತು ಅದರ ಇಳಿಜಾರು −E[e x]. ಈ ಸರಾಸರಿ ನಮಗೆ ಗೊತ್ತಿರುವುದಿಲ್ಲ. 1960ರಲ್ಲಿ ವಿಡ್ರೋ ಮತ್ತು ಹಾಫ್ ಅದನ್ನು ಬಿಟ್ಟು, ಆ ಕ್ಷಣದ ಒಂದೇ ಸ್ಯಾಂಪಲ್ಲಿನ e x ಬಳಸಿದರು. ಇಳಿಜಾರಿನ ಎದುರು ದಿಕ್ಕಿಗೆ μ ಅಳತೆಯ ಹೆಜ್ಜೆ ಇಟ್ಟರೆ w ← w + μ e x. ಕೆಲವು ಪುಸ್ತಕಗಳು ಇಲ್ಲಿ 2μ ಬರೆಯುತ್ತವೆ. ಅಂಥ ಕೋಡ್ ನಿಮ್ಮದಾದರೆ ಮುಂದೆ ಹೇಳುವ ಮಿತಿಗಳೆಲ್ಲ ಅರ್ಧಕ್ಕಿಳಿಯುತ್ತವೆ.

2/λmax ಮಿತಿ w ಇದರ ಸರಾಸರಿ ನಡೆಯನ್ನು ಮಾತ್ರ ನೋಡುತ್ತದೆ. ಜೊತೆಗೆ, ಸದ್ಯದ x ಹಿಂದಿನ x ಗಳಿಗೆ ಸಂಬಂಧವಿಲ್ಲದ್ದು ಎಂದು ಊಹಿಸಿಕೊಳ್ಳುತ್ತದೆ. ನಿಮ್ಮಲ್ಲಿ ಒಂದು x ಮತ್ತು ಅದರ ಮುಂದಿನ x ನಡುವೆ 32ರಲ್ಲಿ 31 ಸ್ಯಾಂಪಲ್ ಅವೇ ಇರುತ್ತವೆ! ಊಹೆ ಅಲ್ಲಿಯೇ ಮುರಿದುಬೀಳುತ್ತದೆ.

ಬದಲಿಗೆ ಹೀಗೆ ನೋಡಿ. w ತಿದ್ದಿದ ಕೂಡಲೇ ಅದೇ x ಮೇಲೆ ದೋಷವನ್ನು ಮತ್ತೆ ಲೆಕ್ಕ ಹಾಕಿದರೆ ಅದು (1 − μ‖x‖²)e ಆಗಿರುತ್ತದೆ. ಅದು ಕುಗ್ಗಬೇಕಾದರೆ 0 < μ < 2/‖x‖². ನಿಮ್ಮ 32 ಟ್ಯಾಪ್‌ಗಳಲ್ಲಿ 50 ಹರ್ಟ್ಸ್ ಅಲೆಯ ಸರಿಯಾಗಿ ಒಂದು ಆವರ್ತ ಕೂಡುವುದರಿಂದ ‖x‖² ಯಾವಾಗಲೂ 32 × 2²/2 = 64. ಶುದ್ಧ ಸೈನ್ ರೆಫರೆನ್ಸ್‌ಗೆ ಈ ಮಿತಿ ನಿಖರವಾದದ್ದು: 2/64 = 0.03125. ನಿಮ್ಮ 0.05 ಅದನ್ನು ದಾಟಿದೆ. ಆಗ ದೋಷ ಪ್ರತಿ ಸ್ಯಾಂಪಲ್ಲಿಗೆ ಚಿಹ್ನೆ ಬದಲಿಸುತ್ತ ಸುಮಾರು 2.2 ಪಟ್ಟು ಬೆಳೆಯುತ್ತದೆ. ಸೆಕೆಂಡಿನೊಳಗೇ ಡಬಲ್ ಪ್ರಿಸಿಷನ್ ಕೂಡ ಸಾಲುವುದಿಲ್ಲ. `nan` ಬರುವ ಮುಂಚಿನ e ಬೆಲೆಗಳನ್ನು ಪ್ರಿಂಟ್ ಮಾಡಿ, ಪ್ಲಸ್ ಮೈನಸ್ ಕುಣಿತ ಕಾಣುತ್ತದೆ.

ಹಾಗಂತ 0.03 ಇಡಬೇಡಿ. ಫಿಲ್ಟರ್ ಸ್ಥಿರವಾಗಿರುತ್ತದೆ, ಆದರೆ 50ರ ಆಚೀಚೆಯ ಅಗಲವಾದ ಪಟ್ಟಿಯನ್ನು ನುಂಗಿ ಕ್ಯೂಆರ್‌ಎಸ್ ಶಿಖರವನ್ನೇ ಕೆಡಿಸುತ್ತದೆ. μ‖x‖² ಅನ್ನು g ಎನ್ನೋಣ. g ಚಿಕ್ಕದಿದ್ದಾಗ ಆ ಪಟ್ಟಿಯ ಅಗಲ ಸುಮಾರು g × 1600/2π ಹರ್ಟ್ಸ್, ಕಲಿಯುವ ಕಾಲ ಸುಮಾರು 2/g ಸ್ಯಾಂಪಲ್. g = 0.01 ಆದರೆ ಪಟ್ಟಿ 2.5 ಹರ್ಟ್ಸ್, ಕಾಲ 200 ಸ್ಯಾಂಪಲ್, ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಇಸಿಜಿಗೆ ನಾನು ಇಲ್ಲಿಂದಲೇ ಶುರು ಮಾಡಲು ಹೇಳುತ್ತೇನೆ. ಆಗ μ ಸುಮಾರು 0.00016.

ನಮ್ಮ ಕಡೆ ಪಂಪ್‌ಸೆಟ್‌ಗಳು ಚಾಲೂ ಆದಾಗ ವೋಲ್ಟೇಜ್ ಇಳಿಯುತ್ತದೆ, ಬಂದಾದಾಗ ಏರುತ್ತದೆ. ರೆಫರೆನ್ಸನ್ನು ಅದೇ ಲೈನಿನಿಂದ ತೆಗೆದರೆ ‖x‖² ಕೂಡ ಅದರ ವರ್ಗದಂತೆ ಏರಿಳಿಯುತ್ತದೆ. ಆದ್ದರಿಂದ μ ಬದಲು g ಅನ್ನೇ ಸ್ಥಿರವಾಗಿಡಿ:

```
e = d - w @ x
w += g * e * x / (eps + x @ x)
```

ಇಲ್ಲಿ `eps` ಬಿಡಬೇಡಿ. ಕರೆಂಟು ಹೋದಾಗ `x @ x` ಸೊನ್ನೆಯ ಹತ್ತಿರ ಬಂದು, ಉಳಿದ ಚೂರು ಗದ್ದಲವೇ w ಅನ್ನು ಹಾರಿಸಿಬಿಡುತ್ತದೆ. ನಿಮ್ಮ 64ಕ್ಕೆ 0.64 ಸಾಕು.