ಈ ವರ್ಷದ ಗ್ರಾಹಕರು ನಿಷ್ಠರೇ? ಮೊದಲು ದಿನ ಎಣಿಸಿ

ಪ್ರಶ್ನೆ: ಕಳೆದ ವರ್ಷ ಜನವರಿಯಿಂದ ಜೂನ್‌ವರೆಗೆ ನಮ್ಮ ಆನ್‌ಲೈನ್ ಮಳಿಗೆಗೆ ಬಂದ 1,000 ಹೊಸ ಗ್ರಾಹಕರಲ್ಲಿ 420 ಜನ ಇಲ್ಲಿಯತನಕ ಮತ್ತೆ ಕೊಂಡಿದ್ದಾರೆ. ಈ ವರ್ಷ ಅದೇ ಆರು ತಿಂಗಳಲ್ಲಿ ಬಂದ 1,200 ಜನರಲ್ಲಿ 360 ಮಾತ್ರ. ಇಂದು ಸೆಪ್ಟೆಂಬರ್ 30. ನಿಷ್ಠೆ ಕುಸಿದಿದೆ ಅಲ್ಲವೇ? ಆರ್ಡರ್ ಪಟ್ಟಿ ಲಗತ್ತಿಸಿದ್ದೇನೆ.

ಉತ್ತರ: ಅಲ್ಲ. ಈ ಪ್ರಶ್ನೆ ಪ್ರತಿ ತ್ರೈಮಾಸಿಕದ ಕೊನೆಗೆ ಬರುತ್ತದೆ, ಅದೇ ತಪ್ಪನ್ನು ಹೊತ್ತುಕೊಂಡು. ಕಳೆದ ವರ್ಷದವರಿಗೆ ಮರಳಿ ಬರಲು ಕನಿಷ್ಠ 15 ತಿಂಗಳು ಸಿಕ್ಕಿದೆ. ಈ ಜೂನ್ ಕೊನೆಯಲ್ಲಿ ಬಂದವರಿಗೆ ಮೂರೇ ತಿಂಗಳು. ಹೋಲಿಕೆಗೆ ಎರಡೂ ಕಡೆಯವರಿಗೆ ಒಂದೇ ಅಳತೆಯ ಕಾಲಾವಕಾಶ ಇರಬೇಕು.

ಪ್ರತಿಯೊಬ್ಬರ ಮೊದಲ ಆರ್ಡರಿನ ದಿನವನ್ನು ಸೊನ್ನೆ ಎಂದಿಟ್ಟುಕೊಂಡು, 90 ದಿನದೊಳಗೆ ಎರಡನೇ ಆರ್ಡರ್ ಬಂತೇ ಎಂದಷ್ಟೇ ನೋಡಿ. 90 ದಿನ ತುಂಬದವರನ್ನು ಪೂರ್ತಿ ಹೊರಗಿಡಿ. ಅವರಲ್ಲಿ ಆಗಲೇ ಮತ್ತೆ ಕೊಂಡವರನ್ನು ಮಾತ್ರ ಸೇರಿಸಿಕೊಳ್ಳುವ ಜಾಣತನ ಬೇಡ, ದರ ಸುಳ್ಳಾಗಿ ಏರುತ್ತದೆ. ನಿಮ್ಮ ಜೂನ್‌ವರೆಗಿನ ಗ್ರಾಹಕರೆಲ್ಲರಿಗೂ 90 ದಿನ ತುಂಬಿದೆ, ಆ ಚಿಂತೆ ಇಲ್ಲ.

ನಿಮ್ಮ ಪಟ್ಟಿಯಿಂದ ಹೀಗೆ ಲೆಕ್ಕ ಹಾಕಿದೆ. ಕಳೆದ ವರ್ಷದ 1,000ದಲ್ಲಿ 240, ಅಂದರೆ ಶೇ 24. ಈ ವರ್ಷದ 1,200ರಲ್ಲಿ 312, ಶೇ 26. ಚಿತ್ರ ತಿರುಗಿತು. ಹಾಗೆಂದು ಸಿಹಿ ಹಂಚಬೇಡಿ: ಇಷ್ಟು ಜನರ ಲೆಕ್ಕದಲ್ಲಿ ಈ ಎರಡು ಶೇಕಡಾ ಅಂಶದ ಅಂತರ ಸುಮಾರು 3.6 ಶೇಕಡಾ ಅಂಶ ಆಚೀಚೆ ಆಗಬಹುದು. ಬರೀ ಆಕಸ್ಮಿಕದಿಂದಲೂ ಇಂಥ ಅಂತರ ಬರುತ್ತದೆ. ಸದ್ಯಕ್ಕೆ ಹೇಳಬಹುದಾದದ್ದು ‘ಕುಸಿದ ಗುರುತಿಲ್ಲ’ ಎಂದಷ್ಟೇ.

ನನಗೆ ಇನ್ನೊಂದು ಗುಮಾನಿ ಇದೆ. ಪಟ್ಟಿ ಕಳೆದ ಜನವರಿಯಿಂದಲೇ ಶುರುವಾಗುತ್ತದೆ. ಅದಕ್ಕೂ ಮುಂಚೆ ಕೊಂಡಿದ್ದ ಹಳಬರು ಆಗ ಮತ್ತೆ ಬಂದಿದ್ದರೆ, ನಿಮ್ಮ ಲೆಕ್ಕದಲ್ಲಿ ಅವರೂ ಹೊಸಬರೇ. ಹಳಬರು ಮರಳಿ ಬರುವುದು ಹೆಚ್ಚು, ಹಾಗಾಗಿ ಆ ಶೇ 24 ಉಬ್ಬಿರಬಹುದು. ಜನವರಿಯ ದರ ಏಪ್ರಿಲ್, ಮೇಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಕಾರಣ ಬಹುಶಃ ಇದೇ. ಹಳೆಯ ದಾಖಲೆ ಹುಡುಕಿ ತೆಗೆದು, ಫೋನ್ ನಂಬರ್ ಹೊಂದಿಸಿ ನೋಡುವವರೆಗೆ ಆಡಳಿತ ಮಂಡಳಿಯ ಮುಂದೆ ಬಾಯಿ ಬಿಡಬೇಡಿ.

ಪ್ರಶ್ನೆ: ಒಂದೇ ತಿಂಗಳು ಬಂದವರನ್ನು ಒಂದು ಸಾಲಿನಲ್ಲಿಟ್ಟು, ಮುಂದಿನ ಪ್ರತಿ ತಿಂಗಳು ಎಷ್ಟು ಜನ ಮರಳಿದರೆಂದು ತೋರಿಸುವ ನಮ್ಮ ಕೊಹಾರ್ಟ್ ಕೋಷ್ಟಕದಲ್ಲಿ ಪ್ರತಿ ಸಾಲಿನ ಕೊನೆಯ ಚೌಕ ಮಂಕಾಗಿದೆ. ಗ್ರಾಹಕರು ಈಗ ಬಿಟ್ಟುಹೋಗುತ್ತಿದ್ದಾರೆಯೇ?

ಉತ್ತರ: ತಿಂಗಳು ಇನ್ನೂ ಮುಗಿದಿಲ್ಲ, ಅಷ್ಟೇ. ಆ ಚೌಕ ಅಳಿಸಿ.

ಪ್ರಶ್ನೆ: ಒಬ್ಬ ಸಲಹೆಗಾರರು ಪ್ರತಿ ಗ್ರಾಹಕರಿಗೂ ‘ನಿಷ್ಠೆಯ ಅಂಕ’ ಕೊಡುತ್ತಾರಂತೆ, ಸೂತ್ರ ಮಾತ್ರ ಗುಟ್ಟು. ಕೊಳ್ಳಲೇ?

ಉತ್ತರ: ಸೂತ್ರ ತೋರಿಸದವರು ಶಾಸ್ತ್ರ ಹೇಳುವವರು. ದುಡ್ಡು ಉಳಿಸಿ.

ಪ್ರಶ್ನೆ: ರದ್ದಾದ ಆರ್ಡರನ್ನೂ ಎರಡನೇ ಖರೀದಿ ಎನ್ನಬಹುದೇ?

ಉತ್ತರ: ಇಲ್ಲ. ವಾಪಸ್ ಬಂದ ಮಾಲಿನ ಬದಲಿಗೆ ಕಳಿಸಿದ್ದೂ ಖರೀದಿಯಲ್ಲ.